ಛತ್ರಿ ತಂದ್ರೆ ಬಿಸಿಲು

ಬೆಳಗಾವಿಯಲ್ಲಿ ಮಳೆಗಾಲದ ಪ್ರೀ-ವೆಡ್ಡಿಂಗ್ ಶೂಟ್ ಒಪ್ಪಿಕೊಳ್ಳುವವನಿಗೆ ಲೆನ್ಸ್‌ಗಿಂತ ಮೊದಲು ಪರಿಚಯದವರ ಫೋನ್ ನಂಬರು ಬೇಕು. ಖಾನಾಪುರದಲ್ಲೊಬ್ಬರು, ಗೋಕಾಕದಲ್ಲೊಬ್ಬರು, ಅಥಣಿ ಕಡೆ ಒಬ್ಬರು. ಬೆಳಿಗ್ಗೆ ಎದ್ದು ಮೂವರಿಗೂ ಫೋನ್ ಹಚ್ಚಿದರೆ ಒಂದೇ ಜಿಲ್ಲೆಯ ಮೂರು ಹವಾಮಾನ ಸಿಗುತ್ತದೆ. ಖಾನಾಪುರದವರು, "ರಾತ್ರಿಯಿಂದ ಹೊಡ್ಯಾಕತ್ತೈತಿ, ಹೊರಗ ಕಾಲಿಡಾಕ ಆಗವಲ್ದು" ಅನ್ನುತ್ತಾರೆ. ಗೋಕಾಕದವರು, "ಮೋಡ ಐತಿ, ಮಳಿ ಇಲ್ಲ" ಅನ್ನುತ್ತಾರೆ. ಅಥಣಿಯವರು ಫೋನ್ ಎತ್ತುವುದೇ ಜಗಳಕ್ಕೆ. "ಎಲ್ಲಿ ಮಳೀರಿ? ಬಿತ್ತಿದ್ದು ಒಣಗಾಕತ್ತೈತಿ. ನಿಮ್ಮ ಕಡೀದು ಒಂದೀಟು ಕಳಸ್ರಿ."

ಮೂವರೂ ನಿಜವನ್ನೇ ಹೇಳುತ್ತಾರೆ. ಅರಬ್ಬೀ ಸಮುದ್ರದಿಂದ ಬರುವ ಮೋಡ ಸಹ್ಯಾದ್ರಿ ಹತ್ತುವಾಗಲೇ ಕಣಕುಂಬಿ, ಜಾಂಬೋಟಿ ಕಡೆ ಹೊರೆಯೆಲ್ಲ ಇಳಿಸಿಬಿಡುತ್ತದೆ. ಬೆಳಗಾವಿ ಪೇಟೆಗೆ ಉಳಿದದ್ದು ಜಿಟಿಜಿಟಿ. ಗೋಕಾಕ ಮುಟ್ಟುವ ಹೊತ್ತಿಗೆ ಗಾಳಿ ಜಾಸ್ತಿ, ಹನಿ ಕಮ್ಮಿ. ಆದರೆ ಟಿವಿಯವರಿಗೆ ಜಿಲ್ಲೆ ಅಂದ್ರೆ ನಕ್ಷೆಯಲ್ಲಿ ಒಂದೇ ತುಂಡು, ಅದಕ್ಕೆ ಒಂದೇ ಬಣ್ಣ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಜೋಡಿಯ ಶೂಟ್ ಇತ್ತು. ತುಳಸಿ ಲಗ್ನ ಮುಗಿದ ಮೇಲೆ ಮದುವೆ, ಆಷಾಢದಲ್ಲಿ ಫೋಟೋ ಕೂಡದು, ಹುಡುಗ ಪುಣೆಯಲ್ಲಿ ಕೆಲಸ, ಅವನಿಗೆ ರಜೆ ಶನಿವಾರ ರವಿವಾರ ಮಾತ್ರ. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿದ ದಿನಗಳಲ್ಲಿ ಆಕಾಶ ಚೆನ್ನಾಗಿರುವ ಸೂಚನೆ ಇದ್ದದ್ದು ಒಂದೇ ರವಿವಾರ. ಅವತ್ತು ಅಮಾವಾಸ್ಯೆ! ಹುಡುಗಿಯ ಸೋದರತ್ತೆ ಗೋಡೆಯ ಕ್ಯಾಲೆಂಡರ್ ತೋರಿಸಿ, "ಮಳ್ಯಾಗ ತೊಯ್ದ್ರ ಒರಸ್ಕೊಬಹುದು, ಅಮಾಸಿಗೆ ಏನ್ ಮಾಡ್ತೀರಿ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಮುಂದಿನ ಶನಿವಾರ ಎಂದು ನಿಗದಿಯಾಯಿತು.

ಶುಕ್ರವಾರ ರಾತ್ರಿ ಹುಡುಗನ ತಾಯಿ ಫೋನ್ ಮಾಡಿದರು. "ಟಿವ್ಯಾಗ ಬೆಳಗಾವಿಗೆ ಕೇಸರಿ ಬಣ್ಣ ಹಚ್ಯಾರ್ರೀ!" ಆರೆಂಜ್ ಅಲರ್ಟ್. ಅದು ಇಡೀ ಜಿಲ್ಲೆಗೆ, ಒಂದು ದಿನದ ಲೆಕ್ಕಕ್ಕೆ ಕೊಡುವ ಎಚ್ಚರಿಕೆ. ನಮಗೆ ಬೇಕಿದ್ದದ್ದು ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ, ಗೋಕಾಕ ಫಾಲ್ಸ್ ಒಂದರ ಲೆಕ್ಕ. ಅದಕ್ಕೆ ನಾನು ನೋಡುವುದು ಹವಾಮಾನ ಇಲಾಖೆಯ ಗೋವಾ ರಡಾರ್ ಚಿತ್ರ. ನಸುಕಿನ ಐದಕ್ಕೆ ಒಮ್ಮೆ ನೋಡಬೇಕು, ಚಹಾ ಕುಡಿದು ಮತ್ತೊಮ್ಮೆ ನೋಡಬೇಕು. ಒಂದೇ ಚಿತ್ರದಿಂದ ಮಳೆ ಎಲ್ಲಿದೆ ಅಂತಷ್ಟೇ ತಿಳಿಯುತ್ತದೆ. ಎರಡನ್ನು ಪಕ್ಕದಲ್ಲಿಟ್ಟರೆ ಎತ್ತ ಹೊರಟಿದೆ ಅಂತ ತಿಳಿಯುತ್ತದೆ. ಬಣ್ಣದ ಪಟ್ಟೆ ಘಟ್ಟದ ಸಾಲಿಗೇ ಅಂಟಿಕೊಂಡಿದ್ದರೆ ಪೂರ್ವಕ್ಕೆ ಹೊರಡಬಹುದು. ಪಟ್ಟೆಯಿಂದ ತುಂಡುಗಳು ಕಡಿದು ಬಯಲಿನ ಕಡೆ ನಡೆದಿದ್ದರೆ ಮತ್ತೆ ಹೊದ್ದುಕೊಂಡು ಮಲಗಬೇಕು. ಅವತ್ತು ಅಂಟಿಕೊಂಡಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ ಧಾರಾಕಾರ ಸುರಿಯುತ್ತಿರುವಾಗ "ನಡೀರಿ ಹೋಗೂಣು" ಅಂದೆ. ಹುಡುಗನ ತಾಯಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಕಾಕತಿ ದಾಟಿ ವಂಟಮುರಿ ಘಾಟ್ ಇಳಿಯುವಾಗ ವೈಪರ್ ನಿಂತಿತು. ಆಮೇಲೆ ರಸ್ತೆಯೂ ಒಣಗಿತ್ತು. ನನ್ನ ಮರ್ಯಾದೆ ಒಂದಿಷ್ಟು ಮೇಲೇರಿತು. ಇಳಿದದ್ದು ಫಾಲ್ಸ್ ಹತ್ತಿರ, ಚೀಲ ತೆರೆದಾಗ.

ಮೇಕಪ್ ಮಾಡುವಾಕೆ, "ಎ.ಸಿ. ಹಾಕದಿದ್ರ ಮುಖ ಇಳೀತದ" ಎಂದು ಕಾರನ್ನು ದಾರಿಯುದ್ದಕ್ಕೂ ಫ್ರಿಜ್ ಮಾಡಿಟ್ಟಿದ್ದಳು. ಕ್ಯಾಮೆರಾ ಚೀಲವೂ ಅದೇ ಕಾರಿನಲ್ಲಿತ್ತು. ಹೊರಗೆ ಜಲಪಾತದ ತುಂತುರು ತುಂಬಿದ ಬೆಚ್ಚನೆ ಗಾಳಿ. ಲೆನ್ಸ್ ಮುಚ್ಚಳ ತೆಗೆದದ್ದೇ ತಡ, ಗಾಜು ಬೆಳ್ಳಗಾಯಿತು. ಸಹಾಯಕ ಹುಡುಗ ಒರೆಸಿದ. ಮತ್ತೆ ಬೆಳ್ಳಗಾಯಿತು. ಇನ್ನೂ ಜೋರಾಗಿ ಒರೆಸಿದ, ಅಷ್ಟೇ ಜೋರಾಗಿ ಮಂಜು ಕೂತಿತು. ಗಾಜು ತಣ್ಣಗಿರುವ ತನಕ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತಲೇ ಇರುತ್ತದೆ, ಒರೆಸಿ ಫಲವಿಲ್ಲ. ಚೀಲದ ಜಿಪ್ ಹಾಕಿ, ಹಾಗೇ ಅರ್ಧ ಗಂಟೆ ಹೊರಗಿಟ್ಟು, ಒಳಗಿನ ಸಾಮಾನು ನಿಧಾನ ಬೆಚ್ಚಗಾಗಲು ಬಿಡಬೇಕು. ಈ ಅರ್ಧ ಗಂಟೆಯಲ್ಲಿ ಇಳಕಲ್ ಸೀರೆ ಉಟ್ಟ ಹುಡುಗಿ ಸೆರಗಿನಿಂದ ಗಾಳಿ ಹಾಕಿಕೊಂಡಳು, ಮೇಕಪ್ಪಿನಾಕೆ ನನ್ನನ್ನು ನೋಡಿದಳು, ನಾನು ಚೀಲವನ್ನು ನೋಡಿದೆ. ಹುಡುಗನ ಗೆಳೆಯನೊಬ್ಬ, "ಅಣ್ಣಾ, ಬಿಸಿ ಬಜಿ ಪ್ಲೇಟ್ ಮ್ಯಾಲ ಹಿಡೀರಿ, ಲಗೂನ ಕಾಯ್ತದ" ಎಂದು ಸಲಹೆಯನ್ನೂ ಕೊಟ್ಟ. ಈಗ ಮದುಮಗಳದು ಎ.ಸಿ. ಕಾರು, ಕ್ಯಾಮೆರಾದ್ದು ಕಿಟಕಿ ತೆಗೆದ ವ್ಯಾನು.

ಫಾಲ್ಸ್ ಮಾತ್ರ ಮೈತುಂಬಿ ಬೀಳುತ್ತಿತ್ತು. ಹನಿ ಮಳೆ ಇಲ್ಲದ ಊರಿನಲ್ಲಿ ಇಷ್ಟು ನೀರು ಹೇಗೆ ಅಂತ ಎಲ್ಲರಿಗೂ ಸೋಜಿಗ. ಇಲ್ಲಿ ಬೀಳುವ ಘಟಪ್ರಭಾ ನದಿ ಹುಟ್ಟುವುದು ಘಟ್ಟದಲ್ಲಿ, ಮೇಲೆ ಹಿಡಕಲ್ ಡ್ಯಾಂ ಇದೆ. ಅಲ್ಲಿ ಗೇಟ್ ಎತ್ತಿದರೆ ಇಲ್ಲಿ ನೆತ್ತಿ ಮೇಲೆ ಬಿಸಿಲಿದ್ದರೂ ನೀರು ಏರುತ್ತದೆ. ಹಾಗಾಗಿ ಡ್ಯಾಂ ಸುದ್ದಿ ಕೇಳದೆ ಯಾರನ್ನೂ ಬಂಡೆಯ ತುದಿಗೆ ನಿಲ್ಲಿಸುವುದಿಲ್ಲ, ಅತ್ತೆ ಹೇಳಿದರೂ ಸೈ. ಇನ್ನೊಂದು ಸಂಗತಿ, ಹೊಸ ನೀರು ಕೆಂಪು. ಅಪ್ಪಟ ರಾಡಿ. ಹುಡುಗ ಸ್ಕ್ರೀನ್ ನೋಡಿ ಮೆತ್ತಗೆ ಕೇಳಿದ, "ಅಣ್ಣಾ, ಇದನ್ನ ನೀಲಿ ಮಾಡಾಕ ಬರೂದಿಲ್ಲೇನ್ರಿ?"

ಘಟ್ಟ ದಾಟಿ ಬಂದ ಮೋಡದ ಚೂರುಗಳು ಓಡುತ್ತಲೇ ಇದ್ದವು. ಒಂದು ನಿಮಿಷ ಸುಡು ಬಿಸಿಲು, ಮರು ನಿಮಿಷ ಸಂಜೆಯಂಥ ಕತ್ತಲು. ಇಂಥ ದಿನ ಕಾಲ್‌ಶೀಟ್‌ನಲ್ಲಿ ಗಂಟೆ ಬರೆದರೆ ಸುಮ್ನೆ ಕಾಗದ ದಂಡ. ನಾನು ಬರೆಯುವುದು ಮೂರು ಸಾಲು. ಮೋಡ ಮುಚ್ಚಿದಾಗ ಮುಖದ ಹತ್ತಿರದ ಫೋಟೋ, ಯಾಕಂದ್ರೆ ಬೆಳಕು ಮೆತ್ತಗಿರುತ್ತದೆ, ಕಣ್ಣ ಕೆಳಗೆ ನೆರಳು ಬೀಳುವುದಿಲ್ಲ. ಬಿಸಿಲು ಬಿದ್ದಾಗ ಇಡೀ ಜಲಪಾತ ಕಾಣುವ ದೊಡ್ಡ ಫ್ರೇಮ್, ಯಾಕಂದ್ರೆ ಮೋಡದಲ್ಲಿ ಆಕಾಶ ಸುಣ್ಣ ಬಳಿದಂತೆ ಬೆಳ್ಳಗೆ ಬರುತ್ತದೆ. ಮಳೆ ಬಂದರೆ ಚಹಾ ಅಂಗಡಿಯ ತಗಡಿನ ಕೆಳಗೆ ಜೋಡಿ, ಚಹಾ, ಹಬೆ. ವಿಡಿಯೋದವನಿಗೆ ಒಂದೇ ಮಾತು, ಬಿಳುಪಿನ ಸೆಟ್ಟಿಂಗ್ ಆಟೋದಲ್ಲಿ ಬಿಡಬೇಡ, 5600 ಕೆಲ್ವಿನ್‌ಗೆ ಕಟ್ಟಿಹಾಕು. ಆಟೋದಲ್ಲಿದ್ದರೆ ಮೋಡ ಸರಿದಂತೆಲ್ಲ ಹುಡುಗನ ಬಿಳಿ ಅಂಗಿ ಒಂದೇ ಶಾಟ್‌ನಲ್ಲಿ ನೀಲಿಯಾಗಿ, ಹಳದಿಯಾಗಿ, ಮತ್ತೆ ನೀಲಿಯಾಗುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ಸರಿಮಾಡಲು ಕೂತವನಿಗೇ ಗೊತ್ತು ಆ ಸಂಕಟ.

ಪ್ಲಾಸ್ಟಿಕ್ ಛತ್ರಿ ಹಿಡಿದ ಫೋಟೋ ಬೇಕೇ ಬೇಕು ಅಂತ ಹುಡುಗಿ ಮೊದಲೇ ಹೇಳಿದ್ದಳು. ಪಾರದರ್ಶಕ ಛತ್ರಿ ಬಿಚ್ಚಿದ ಕ್ಷಣದಿಂದ ಒಂದು ಹನಿಯೂ ಬೀಳಲಿಲ್ಲ. ಕಡೆಗೆ ಗೆಳೆಯರು ಬಿಸ್ಲೇರಿ ಬಾಟಲಿ ಹಿಡಿದು ಕಲ್ಲು ಹತ್ತಿ ಮಳೆರಾಯರಾದರು. ಬೆಳಗಾವಿಯಿಂದ ಮಳೆ ತಪ್ಪಿಸಿಕೊಂಡು ಬಂದು, ಗೋಕಾಕದಲ್ಲಿ ದುಡ್ಡು ಕೊಟ್ಟು ನೀರು ಸುರಿದುಕೊಂಡೆವು.

ಅವತ್ತೇ ಸಂಜೆ ಹುಡುಗಿಯ ವಿಜಯಪುರದ ಸೋದರಮಾವ ಫೋನ್ ಮಾಡಿದರು. ಸಪ್ಟೆಂಬರ್‌ನಲ್ಲಿ ಅವರ ಮಗನ ಶೂಟ್ ಅಂತೆ. "ನಮ್ಮ ಕಡೆ ಮಳಿ ಕಾಟ ಇಲ್ರೀ, ಆರಾಮ್ ಬರ್ರಿ. ಗೋಳಗುಮ್ಮಟದ ಮುಂದ ಸೂರ್ಯ ಮುಳುಗೂದು ಬೇಕು." ವಿಜಯಪುರದಲ್ಲಿ ಮಳೆ ಕಮ್ಮಿ, ನಿಜ. ಆದರೆ ಬೀಳುವಷ್ಟರಲ್ಲಿ ದೊಡ್ಡ ಪಾಲು ಸಪ್ಟೆಂಬರ್‌ನದೇ. ಅದು ಜಿಟಿಜಿಟಿ ಅಲ್ಲ. ಬೆಳಿಗ್ಗೆಯೆಲ್ಲ ನೆಲ ಕಾದು, ಮಧ್ಯಾಹ್ನ ಹೂಕೋಸಿನಂಥ ಮೋಡ ಎದ್ದು, ಸಂಜೆ ಗುಡುಗು ಸಿಡಿಲಿನ ಜೊತೆ ಒಮ್ಮೆಲೇ ಇಳಿಯುತ್ತದೆ. ಅದಕ್ಕೇ, "ಮಾವಾರ, ಬೆಳಗಿನ ಹೊತ್ತ ತಗೀತೀನಿ, ಮಧ್ಯಾಹ್ನದೊಳಗ ಪ್ಯಾಕಪ್. ಮತ್ತ ಪುರಾತತ್ವ ಇಲಾಖೆ ಪರವಾನಗಿ ಮೊದ್ಲ ಮಾಡಸ್ರಿ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಂಗಾರ ಬೆಳಿಗ್ಗೆ ಹುಟ್ಟೂ ಸೂರ್ಯನ್ನ ತಗದು, ಮುಳುಗ್ದಂಗ ಮಾಡಿಕೊಡ್ತೀರೇನು?"

ಕೊಡ್ತೀನಿ ಅಂದೆ. ಅಡ್ವಾನ್ಸ್ ಬಂತು.