ಫೈಲು ಅವರ ಮೇಜಿನ ಮೇಲೆ, ಲೇಟ್ ಫೀ ನನ್ನ ತಲೆ ಮೇಲೆ

950 ರೂಪಾಯಿ. ಇಷ್ಟಕ್ಕೆ ಇವನು ಇಷ್ಟೊಂದು ಕೂಗಾಡ್ತಾನಾ ಅಂತ ನಗಬೇಡಿ, ಪೂರ್ತಿ ಕೇಳಿ.

ನಂದೊಂದು ಪೇಂಟ್ ಅಂಗಡಿ. ಏಪ್ರಿಲ್ ತಿಂಗಳ ಜಿಎಸ್‌ಟಿ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟುವ 3ಬಿ ರಿಟರ್ನ್ ಮೇ 20ರೊಳಗೆ ಹಾಕಬೇಕಿತ್ತು. ಲೆಕ್ಕ ನೋಡ್ಕೊಳ್ತಿದ್ದ ಪುಣ್ಯಾತ್ಮ 11ನೇ ತಾರೀಕು ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಹಾಕಿದ್ದೇ ಕೊನೆ, ಆಮೇಲೆ ಫೋನ್ ಎತ್ತಿದ್ದರೆ ಕೇಳಿ. ರಿಜಿಸ್ಟ್ರೇಷನ್ ಮಾಡಿಸುವಾಗ ತನ್ನದೇ ಮೊಬೈಲ್ ನಂಬರು, ತನ್ನದೇ ಇಮೇಲ್ ಕೊಟ್ಟಿದ್ದ. ಪಾಸ್‌ವರ್ಡೂ ಅವನ ಹತ್ತಿರವೇ. ಅದನ್ನು ನೋಡದೆ ಬಿಟ್ಟಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಒಟಿಪಿ ಅವನ ಫೋನಿಗೆ ಹೋದರೆ ನಾನು ರಿಟರ್ನ್ ಹಾಕೋದು ಹೇಗೆ?

ಇದಕ್ಕೆ ದಾರಿ ಇದೆ. ನಮ್ಮ ವ್ಯಾಪ್ತಿಯ ಅಧಿಕಾರಿಗೆ ಅರ್ಜಿ ಕೊಟ್ಟರೆ, ದಾಖಲೆ ನೋಡಿ ಅವರೇ ಹೊಸ ನಂಬರು, ಇಮೇಲ್ ಹಾಕಿ ಪಾಸ್‌ವರ್ಡ್ ರೀಸೆಟ್ ಮಾಡಿಕೊಡ್ತಾರೆ. ಗಡುವಿಗೆ ಇನ್ನೂ ನಾಲ್ಕು ದಿನ ಇರುವಾಗಲೇ, ಮೇ 16ಕ್ಕೆ, ಪ್ಯಾನ್ ಕಾರ್ಡು, ಅಂಗಡಿ ದಾಖಲೆ ಎಲ್ಲ ಲಗತ್ತಿಸಿ ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. 22ಕ್ಕೆ ಹೋದರೆ "ಸಾಹೇಬ್ರು ಟ್ರೈನಿಂಗ್‌ಗೆ ಹೋಗಿದ್ದಾರೆ". 30ಕ್ಕೆ ಹೋದರೆ "ಬಾಡಿಗೆ ಕರಾರಿನ ಕಾಪಿ ಇಲ್ವಲ್ಲ". ಅದು ಅದೇ ಫೈಲಿನಲ್ಲಿ, ಮೂರನೇ ಹಾಳೆಯಾಗಿ, ಪಿನ್ನು ಚುಚ್ಚಿಸಿಕೊಂಡು ಕೂತಿತ್ತು. ನಾನೇ ತೆಗೆದು ತೋರಿಸಿದೆ. ಕೊನೆಗೆ ನಂಬರು ಬದಲಾಗಿದ್ದು ಜೂನ್ 6ಕ್ಕೆ. ಎಂಟಕ್ಕೆ ಭಾನುವಾರ ಅಂತಲೂ ನೋಡದೆ ಕೂತು ರಿಟರ್ನ್ ಹಾಕಿದೆ.

ಲಾಗಿನ್ ಆದಾಗ ಕಂಡಿದ್ದು ಏನು ಗೊತ್ತಾ? ಮೇ 26ರ ಜಿಎಸ್‌ಟಿಆರ್-3ಎ ನೋಟಿಸು. ಹದಿನೈದು ದಿನದಲ್ಲಿ ರಿಟರ್ನ್ ಹಾಕು, ಇಲ್ಲದಿದ್ದರೆ ನಾವೇ ಅಂದಾಜಿನ ಮೇಲೆ ತೆರಿಗೆ ನಿಗದಿ ಮಾಡ್ತೀವಿ ಅಂತ. ಆ ನೋಟಿಸಿನ ಮೆಸೇಜು ಹೋಗಿದ್ದೂ ಆ ಓಡಿಹೋದವನ ಫೋನಿಗೇ! ನಂಬರು ಬದಲಾಯಿಸಿ ಅಂತ ಹತ್ತು ದಿನದಿಂದ ಅಂಗಲಾಚುತ್ತಿದ್ದ ಅರ್ಜಿ ಇವರ ಮೇಜಿನ ಮೇಲೆ, ನೋಟಿಸು ಹಳೇ ನಂಬರಿಗೆ.

ಗಡುವಿನೊಳಗೇ ರಿಟರ್ನ್ ಹಾಕಿದ್ದರಿಂದ ನೋಟಿಸಿನ ಕಥೆ ಅಲ್ಲಿಗೆ ಮುಗೀತು. ಉಳಿದಿದ್ದು ಲೇಟ್ ಫೀ. ಮೇ 21ರಿಂದ ಜೂನ್ 8ರವರೆಗೆ 19 ದಿನ, ದಿನಕ್ಕೆ ಕೇಂದ್ರಕ್ಕೆ 25, ರಾಜ್ಯಕ್ಕೆ 25. ನಾನು ನಗದಾಗಿ ಕಟ್ಟಬೇಕಿದ್ದ ತೆರಿಗೆ 6,200 ರೂಪಾಯಿ. ಅದಕ್ಕೆ ವರ್ಷಕ್ಕೆ ನೂರಕ್ಕೆ 18ರಂತೆ 19 ದಿನದ ಬಡ್ಡಿ 58 ರೂಪಾಯಿ, ಅದನ್ನು ಬಾಯಿ ಮುಚ್ಚಿಕೊಂಡು ಕಟ್ಟಿದ್ದೇನೆ. ಸರ್ಕಾರದ ದುಡ್ಡು ನನ್ನ ಹತ್ತಿರ ಉಳಿದಿದ್ದಕ್ಕೆ 58, ಸರಿ. ನನ್ನ ಫೈಲು ಅವರ ಹತ್ತಿರ ಉಳಿದಿದ್ದಕ್ಕೆ ನಾನೇ 950 ಯಾಕೆ ಕೊಡಬೇಕು?

ಅದನ್ನೇ ಮರ್ಯಾದೆಯಿಂದ ಬರೆದೆ. "ಮಾನ್ಯರೇ, ವಿಳಂಬಕ್ಕೆ ಕಾರಣ ನನ್ನ ಉದಾಸೀನವಲ್ಲ. ಗಡುವಿಗೆ ಮುಂಚೆಯೇ ಸಲ್ಲಿಸಿದ ಅರ್ಜಿಯ ಸ್ವೀಕೃತಿ ಪ್ರತಿ ಲಗತ್ತಿಸಿದೆ. ವಿಳಂಬ ಶುಲ್ಕ ಮನ್ನಾ ಮಾಡಬೇಕಾಗಿ ವಿನಂತಿ." ಎರಡು ರಾತ್ರಿ ಕೂತು ಬರೆದ ಪತ್ರ. ಅಧಿಕಾರಿ ಅರ್ಧ ನಿಮಿಷ ಕಣ್ಣಾಡಿಸಿ, "ನಿಮ್ಮ ಮಾತು ನಿಜ ಕಣ್ರೀ, ಆದ್ರೆ ಮನ್ನಾ ಮಾಡೋ ಅಧಿಕಾರ ನಮಗಿಲ್ಲ" ಅಂದರು.

ಮನೆಗೆ ಬಂದು ಕಾಯ್ದೆ ತೆಗೆದು ನೋಡಿದರೆ, ಅಯ್ಯೋ, ಆ ಮನುಷ್ಯ ಹೇಳಿದ್ದು ಸುಳ್ಳಲ್ಲ. 128ನೇ ಸೆಕ್ಷನ್ ಪ್ರಕಾರ ಲೇಟ್ ಫೀ ಬಿಡೋದು ಸರ್ಕಾರ. ಅದೂ ಜಿಎಸ್‌ಟಿ ಕೌನ್ಸಿಲ್ ಶಿಫಾರಸು ಮಾಡಿ, ಅಧಿಸೂಚನೆ ಹೊರಡಿಸಿ, ಒಂದು ವರ್ಗದ ತೆರಿಗೆದಾರರಿಗೆಲ್ಲ ಒಟ್ಟಿಗೆ. ಕೋವಿಡ್ ಕಾಲದಲ್ಲಿ ಹಾಗೆ ಬಿಟ್ಟಿದ್ದರು. ಒಬ್ಬ ಪೇಂಟ್ ಅಂಗಡಿಯವನ ಕಷ್ಟ ಒಂದು "ವರ್ಗ" ಆಗಲ್ಲವಲ್ಲ! ಪೋರ್ಟಲ್ಲೇ ಕೈಕೊಟ್ಟವರಿಗೆ ಬೇರೆ ಅಹವಾಲು ವ್ಯವಸ್ಥೆ ಇದೆಯಂತೆ, ಆದರೆ ನನ್ನ ಕೇಸಿನಲ್ಲಿ ಪೋರ್ಟಲ್ ಚೆನ್ನಾಗೇ ಓಡ್ತಿತ್ತು. ಓಡದೆ ಕೂತಿದ್ದು ಫೈಲು. ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ.

ಮೊದಲ ದಿನವೇ ಇದನ್ನು ಹೇಳಿದ್ದರೆ ಎರಡು ರಾತ್ರಿ ನಿದ್ದೆಯಾದರೂ ಉಳಿಯುತ್ತಿತ್ತು. ಹೇಳಲಿಲ್ಲ, "ಒಂದು ಪತ್ರ ಬರ್ಕೊಡಿ, ನೋಡೋಣ" ಅಂದರು. ಏನು ನೋಡೋದಿತ್ತು?

ಮೇ ತಿಂಗಳ 3ಬಿ ತೆರೆದರೆ 5.1ರ ಕೋಷ್ಟಕದಲ್ಲಿ 475, 475 ಆಗಲೇ ಬಂದು ಕೂತಿತ್ತು. ಖರೀದಿ ಮೇಲೆ ಕಟ್ಟಿದ ತೆರಿಗೆ ಜಮಾ ಆಗುವ ಕ್ರೆಡಿಟ್ ಲೆಡ್ಜರಿನಲ್ಲಿ 40,000 ಇದೆ, ಅದರಲ್ಲಿ ಮುರಿದುಕೊಳ್ಳಿ ಅಂದರೆ ಆಗಲ್ಲ, ಲೇಟ್ ಫೀ ನಗದಿನಲ್ಲೇ ಕಟ್ಟಬೇಕು. ಕಟ್ಟದೆ ಆ ತಿಂಗಳ ರಿಟರ್ನ್ ಮುಂದೆ ಹೋಗಲ್ಲ, ಹೋಗದಿದ್ದರೆ ಮತ್ತೆ ದಿನಕ್ಕೆ ಐವತ್ತು. ಚಲನ್ ತೆಗೆದು ಕಟ್ಟಿದೆ. ಅದರ ಮೆಸೇಜು ಮಾತ್ರ ಕ್ಷಣದಲ್ಲೇ ನನ್ನ ಫೋನಿಗೇ ಬಂತು.