ಪೇಂಟಿಂಗ್‌ಗೆ 25,000 ಸರಿ, ಸಿಂಕ್ ಕೆಳಗಿನ ಪ್ಲೈವುಡ್‌ಗೆ ಸಾಕ್ಷಿ ಎಲ್ಲಿ?

ನಿನ್ನೆ ಚಿಕ್ಕಮ್ಮನ ಮಗ ವಿಜಯನಗರದ ಮನೆ ಖಾಲಿ ಮಾಡಿದ. ಅಡ್ವಾನ್ಸ್ ವಾಪಸ್ ಇಸ್ಕೊಳ್ಳೋಕೆ ನಾನೂ ಜೊತೆಗೆ ಹೋಗಿದ್ದೆ. ಇನ್ನೂ ತಲೆ ಬಿಸಿ ಇಳಿದಿಲ್ಲ, ಅದಕ್ಕೇ ಈ ಉದ್ದದ ಪೋಸ್ಟ್.

ಬಾಡಿಗೆ 25,000, ಅಡ್ವಾನ್ಸ್ ಒಂದೂವರೆ ಲಕ್ಷ. ಓನರ್ ಒಂದು ಹಾಳೆ ಮುಂದಿಟ್ಟರು. ಪೇಂಟಿಂಗ್ 25,000. ಸಿಂಕ್ ಕೆಳಗಿನ ಕ್ಯಾಬಿನೆಟ್ ಉಬ್ಬಿದೆ, 12,000. ಗೀಸರ್ ಕೆಟ್ಟಿದೆ, 9,000. ವಾಶ್‌ಬೇಸಿನ್ ಬಿರುಕು, 4,000. ಒಟ್ಟು ಐವತ್ತು ಸಾವಿರ ಮಾಯ!

"ಅಂಕಲ್, ಆ ಕ್ಯಾಬಿನೆಟ್ ನಾವು ಬಂದಾಗಲೇ ಉಬ್ಬಿತ್ತು."

"ಯಾರಪ್ಪ ಹೇಳಿದ್ದು? ಹೊಸದಾಗಿ ಮಾಡಿಸಿ ಕೊಟ್ಟಿದ್ದೆ."

ಮುಗೀತು. ನಮ್ಮ ಹುಡುಗನ ಹತ್ತಿರ ಫೋಟೋ ಇಲ್ಲವಾ? ಬೇಕಾದಷ್ಟಿದೆ. ಹಾಲು ಉಕ್ಕಿಸಿದ್ದು, ಬಾಗಿಲಿಗೆ ತೋರಣ ಕಟ್ಟಿದ್ದು, ಅತ್ತೆ ಮಾವನ ಜೊತೆ ಸೆಲ್ಫಿ. ಆ ಕ್ಯಾಬಿನೆಟ್ಟೂ ಒಂದರಲ್ಲಿದೆ, ಬಾಗಿಲು ಮುಚ್ಚಿಕೊಂಡು.

ಬೇಸಿನ್ ವಿಷಯದಲ್ಲಿ ಮಾತ್ರ ಗೆದ್ದ. ಮನೆಗೆ ಬಂದ ವಾರವೇ ಬಿರುಕಿನ ಫೋಟೋ ತೆಗೆದು "ಅಂಕಲ್, ಇದು ಮೊದಲೇ ಇದೆ" ಅಂತ ಓನರ್‌ಗೆ ವಾಟ್ಸಾಪ್ ಮಾಡಿದ್ದ. ಹಳೇ ಮೆಸೇಜ್ ಹುಡುಕಿ ತೋರಿಸಿದ. ಅವರು ಏನೂ ಮಾತಾಡದೆ ಆ ಸಾಲು ಹೊಡೆದು ಹಾಕಿದರು. ಅದೇ ಮನೆ, ಅದೇ ಓನರ್. ಒಂದು ಫೋಟೋಗೆ 4,000 ಉಳಿಯಿತು ಅಂದ್ರೆ ಉಳಿದವನ್ನೂ ಯಾಕಪ್ಪ ತೆಗೆಯಲಿಲ್ಲ?

ಕಾನೂನು ಹೇಳೋದೂ ಇದನ್ನೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಬಾಡಿಗೆದಾರ ಮನೆಯನ್ನು ತಾನು ಒಳಗೆ ಬಂದಾಗ ಇದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಸಹಜ ಸವಕಲಿಗೆ ವಿನಾಯಿತಿ ಇದೆ. ಸರಿ, ಆದರೆ ಬಂದಾಗ ಮನೆ ಹೇಗಿತ್ತು ಅಂತ ಯಾರಿಗೆ ನೆನಪಿರುತ್ತೆ? ಇಬ್ಬರಿಗೂ ಅವರವರಿಗೆ ಬೇಕಾದ ಹಾಗೆ ನೆನಪಿರುತ್ತೆ.

ಅದಕ್ಕೇ ಸಾಮಾನಿನ ಲಾರಿ ಬರೋ ಮುಂಚೆ, ಹಗಲು ಬೆಳಕಲ್ಲಿ, ಖಾಲಿ ಮನೆಯಲ್ಲಿ ಫೋಟೋ ತೆಗೀರಿ. ಸಿಂಕ್ ಕೆಳಗಿನ ಬಾಗಿಲು ತೆಗೆದು ಟಾರ್ಚ್ ಬಿಡಿ. ತಳದ ಪ್ಲೈವುಡ್ ಒತ್ತಿ ನೋಡಿ. ಮೆತ್ತಗಿದ್ದರೆ, ಅಂಚು ಪದರ ಪದರವಾಗಿ ಬಿಟ್ಟಿದ್ದರೆ, ಆ ಪೈಪ್ ಸೋರೋದು ಹಳೇ ಕಥೆ. ಪಕ್ಕದಲ್ಲಿ ಒಂದು ಪೆನ್ ಇಟ್ಟು ಹತ್ತಿರದಿಂದ ಒಂದು ಫೋಟೋ, ಯಾವ ಅಡುಗೆಮನೆ ಅಂತ ಗೊತ್ತಾಗೋ ಹಾಗೆ ದೂರದಿಂದ ಇನ್ನೊಂದು. ಬರೀ ಹತ್ತಿರದ್ದು ತೆಗೆದರೆ ಅದು ಯಾರ ಮನೆಯ ಪ್ಲೈವುಡ್ ಬೇಕಾದರೂ ಆಗಬಹುದು.

ಗೀಸರ್ ಮೇಲಿನ ಸ್ಟಿಕ್ಕರ್‌ನಲ್ಲಿ ತಯಾರಾದ ವರ್ಷ ಇದ್ದರೆ ಅದರ ಫೋಟೋ ತೆಗೀರಿ. ಆನ್ ಮಾಡಿ ಬಿಸಿನೀರು ಬರೋದರ ಚಿಕ್ಕ ವಿಡಿಯೋ ಮಾಡಿ. ಬೋರ್‌ವೆಲ್ ನೀರಿನ ಉಪ್ಪು ಕಾಯಿಲ್ ಮೇಲೆ ಕಟ್ಟಿಕೊಂಡು ಗೀಸರ್ ಹಾಳಾಗೋದು ಬೆಂಗಳೂರಲ್ಲಿ ಮಾಮೂಲು. ರಿಪೇರಿ ಖರ್ಚು ಕೇಳಿದರೆ ಕೊಡೋಣ. ಆದರೆ ಹತ್ತು ವರ್ಷದ ಗೀಸರ್‌ಗೆ ಹೊಸದರ ರೇಟು ಯಾಕೆ?

ಆಮೇಲೆ ಇವನ್ನೆಲ್ಲ ಒಂದು ಹಾಳೆಗೆ ಇಳಿಸಿ. ವಸ್ತು, ಈಗಿನ ಸ್ಥಿತಿ, ಫೋಟೋ ನಂಬರ್, ಅಷ್ಟೇ. ಇಬ್ಬರೂ ಸಹಿ ಹಾಕಿ ಕರಾರಿನ ಜೊತೆ ಸೇರಿಸಿ. ಓನರ್ ಸಹಿ ಹಾಕಲ್ಲ ಅಂದರೆ ಅವತ್ತೇ ಇಮೇಲ್ ಮಾಡಿ. ವಾಟ್ಸಾಪ್ ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೋ ಥರ ಕಳಿಸಿದರೆ ಅದು ಕುಗ್ಗುತ್ತೆ, ಫೈಲ್ ಒಳಗಿನ ತಾರೀಖೂ ಹೋಗುತ್ತೆ. ಸುಮ್ನೆ ನಿಮ್ಮ ಫೋನಲ್ಲೇ ಇಟ್ಟುಕೊಂಡರೆ "ಇದು ಯಾವಾಗ ತೆಗೆದಿದ್ದೋ" ಅಂತಾರೆ.

ಪೇಂಟಿಂಗ್‌ಗೆ ಮಾತ್ರ ಫೋಟೋ ಉಪಯೋಗಕ್ಕೆ ಬರಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ, ಬೇರೆ ಒಪ್ಪಂದ ಇಲ್ಲದಿದ್ದರೆ ಸುಣ್ಣಬಣ್ಣ ಓನರ್ ಕೆಲಸ ಅನ್ನುತ್ತೆ. ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತಲೂ ಹೇಳುತ್ತೆ. ಆದರೆ ಅದು ಬರೀ ಮಾದರಿ. ರಾಜ್ಯ ಕಾನೂನು ಮಾಡಿಕೊಂಡರೆ ಮಾತ್ರ ಲೆಕ್ಕ. ಕರಾರಿನಲ್ಲಿ "ಒಂದು ತಿಂಗಳ ಬಾಡಿಗೆ ಕಡಿತ" ಅಂತಿದ್ದರೆ ಸಹಿಗೆ ಮುಂಚೆಯೇ ಜಗಳ ಆಡಬೇಕು.

"ಹೀಗೆಲ್ಲ ಫೋಟೋ ತೆಗೆದರೆ ಓನರ್ ಬೇಜಾರಾಗ್ತಾರೆ" ಅಂತಾರೆ ಚಿಕ್ಕಮ್ಮ. ಅಲ್ವಾ ಮತ್ತೆ! ನಮ್ಮ ಆಧಾರ್, ಆಫೀಸ್ ಐಡಿ, ಊರು, ಜಾತಿ, ಮೊಟ್ಟೆ ತಿಂತೀರಾ ಅನ್ನೋದು, ಎಲ್ಲ ಕೇಳಿದಾಗ ನಮಗೆ ಬೇಜಾರಾಗಬಾರದು. ಸಿಂಕ್ ಕೆಳಗೆ ಬಗ್ಗಿ ನೋಡಿದರೆ ಅವರಿಗೆ ಬೇಜಾರು.

ನಾನೂ ಓನರೇ ಸ್ವಾಮಿ, ಮೈಸೂರಿನ ಅಪ್ಪನ ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಹಿಂದಿನ ಬಾಡಿಗೆದಾರರು ಬಿಡುವಾಗ ವಾರ್ಡ್‌ರೋಬ್ ಕನ್ನಡಿ ಒಡೆದಿತ್ತು. ಹಾಳೆ ತೆಗೆದು ನೋಡಿ ಅವರೇ "ಇದು ನಮ್ದು ಸರ್, ಹಿಡ್ಕೊಳ್ಳಿ" ಅಂದರು. ಐದು ನಿಮಿಷದ ಮಾತು. ಆ ಹಾಳೆ ಓನರ್‌ಗೂ ಬೇಕು, ಬೇಡ ಅನ್ನೋರ ಮೇಲೆ ನನಗೆ ಅನುಮಾನ.

ಹಾಂ, ಬೆಸ್ಕಾಂ ಮೀಟರ್ ಮರೀಬೇಡಿ. ಬಂದ ದಿನದ ರೀಡಿಂಗ್ ಫೋಟೋ ತೆಗೆದು ಆರ್‌ಆರ್ ನಂಬರ್ ಬರೆದಿಡಿ. ಹಿಂದಿನವರ ಕರೆಂಟ್ ಬಿಲ್ ಬಾಕಿ ನಿಮ್ಮ ಲೆಕ್ಕಕ್ಕೆ ಸೇರೋದು ಬೇಡ.