ಗುಂಡನಿಗೆ ಸ್ವೆಟರ್ ತೊಡಿಸಿದ್ದು

ಸಕಲೇಶಪುರದ ದೊಡ್ಡಮ್ಮ ನಮ್ಮ ನಾಯಿ ಗುಂಡನಿಗೆ ಅಂತ ಎರಡು ತಿಂಗಳು ಕೂತು ಸ್ವೆಟರ್ ಹೆಣೆದು ಕಳಿಸಿದ್ದರು. ಸಾಸಿವೆ ಹಳದಿ ಬಣ್ಣ, ಅಪ್ಪಟ ಉಣ್ಣೆ, ಎರಡು ಪಕ್ಕೆಯ ಉದ್ದಕ್ಕೂ ಜಡೆ ಡಿಸೈನು. ಬಂದ ದಿನವೇ ಹಾಸಿಗೆಯ ಮೇಲೆ ಮಗ್ಗುಲಾಗಿ ಹರಡಿ ಒಂದು ಫೋಟೋ ತೆಗೆದಿಟ್ಟುಕೊಂಡೆ. ನನ್ನ ಪುಣ್ಯ, ಅದೊಂದು ಕೆಲಸ ಮಾಡಿದ್ದೆ.

ಯಾಕೆಂದರೆ ಸ್ವೆಟರಿಗೆ ನುಸಿಗುಳಿಗೆಯ ವಾಸನೆ ಘಮ್ಮನೆ ಹೊಡೀತಿತ್ತು. ಆ ಗುಳಿಗೆ ನಾಯಿಗೆ ವಿಷ. ಒಂದು ಸಲ ತೊಳೆದೇ ಹಾಕೋಣ ಅಂತ ಬೆಡ್‌ಶೀಟುಗಳ ಜೊತೆ ಮಷೀನಿಗೆ ತಳ್ಳಿದೆ. ಅದು 60 ಡಿಗ್ರಿಯಲ್ಲಿತ್ತು. ಕುರಿಯ ಕೂದಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸೋಪು, ಕುಲುಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬಿಡಲ್ಲ. ಒಂದು ಗಂಟೆ ಬಿಟ್ಟು ಬಾಗಿಲು ತೆಗೆದರೆ ಒಳಗೆ ಕಂಬಳಿಯಷ್ಟು ದಪ್ಪದ, ಇಲಿಮರಿಗೆ ಸರಿಹೋಗುವ ಒಂದು ಸ್ವೆಟರ್ ಇತ್ತು. ಎಳೆದೆ, ಜಗ್ಗಿದೆ. ಜಪ್ಪಯ್ಯ ಅನ್ನಲಿಲ್ಲ.

ಸಂಜೆ ದೊಡ್ಡಮ್ಮನ ಫೋನು. "ಏನೇ, ಹಾಕಿ ನೋಡಿದ್ಯಾ? ಒಂದು ಫೋಟೋ ಕಳಿಸೇ."

"ನಾಳೆ ಕಳಿಸ್ತೀನಿ ದೊಡ್ಡಮ್ಮಾ" ಅಂದೆ. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಗಿಂಪ್ ಇದೆ, ಗುಂಡನ ಫೋಟೋ ಇದೆ, ಸ್ವೆಟರಿನ ಫೋಟೋ ಇದೆ. ಅಂಟಿಸಿದರೆ ಮುಗೀತು, ಅರ್ಧ ಗಂಟೆ ಕೆಲಸ ಅಂದುಕೊಂಡೆ.

ಮೊದಲ ತೊಡಕು ಬೆಳಕಿನದು. ಗುಂಡ ಎಡಕ್ಕೆ ಮುಖ ಮಾಡಿ ನಿಂತಿದ್ದ, ಬಾಲ್ಕನಿಯ ಬಿಸಿಲು ಎಡದಿಂದ ಬೀಳುತ್ತಿತ್ತು. ಸ್ವೆಟರಿನ ಕತ್ತು ಬಲಕ್ಕಿತ್ತು, ಬೆಳಕೂ ಬಲದಿಂದ. ಇದಕ್ಕೆ ಸುಲಭದ ಉಪಾಯ ಉಂಟಲ್ಲ, ಸ್ವೆಟರನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ಟೆ. ಒಂದೇ ಏಟಿಗೆ ಕತ್ತೂ ಸರಿಹೋಯಿತು, ಬೆಳಕೂ ಸರಿಹೋಯಿತು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಈ ಮಾತು ನೆನಪಿರಲಿ.

ಅಂಟಿಸಿ ನೋಡಿದರೆ ಗುಂಡ ಸ್ವೆಟರ್ ಹಾಕಿಕೊಂಡ ಹಾಗಿರಲಿಲ್ಲ, ಅವನ ಮೇಲೆ ಯಾರೋ ಸ್ಟಿಕರ್ ಹಚ್ಚಿದ ಹಾಗಿತ್ತು. ನಾಯಿಯ ಹೊಟ್ಟೆ ಪೀಪಾಯಿಯ ಹಾಗೆ ಗುಂಡಗೆ, ಸ್ವೆಟರು ಚಪಾತಿಯ ಹಾಗೆ ಚಪ್ಪಟೆ. ಹೆಣಿಗೆಯ ಸಾಲುಗಳು ಬೆನ್ನಿನಿಂದ ಹೊಟ್ಟೆಗೆ ಬಾಗಬೇಕು, ಅಂಚಿಗೆ ಹೋದಂತೆ ಒತ್ತೊತ್ತಾಗಬೇಕು. Warp Transform ಅನ್ನುವ ಸಾಧನ ಹಿಡಿದು ಚೂರುಚೂರೇ ತಳ್ಳಿ ಬಗ್ಗಿಸಿದೆ. ಆಮೇಲೆ ಗುಂಡನ ಮೈಯ ನೆರಳನ್ನೇ ಸಾಲ ತಂದೆ: ಅವನ ಫೋಟೋ ಇದ್ದ ಪದರದ ಒಂದು ಪ್ರತಿ, ಬಣ್ಣ ತೆಗೆದು, ಸ್ವೆಟರಿನ ಮೇಲಿಟ್ಟು Multiply ಮಾಡಿದೆ, ಮೇಲಿನ ಪದರದ ಕಪ್ಪು ಕೆಳಗಿನದಕ್ಕೆ ನೆರಳಾಗಿ ಇಳಿಯುತ್ತೆ. ಮಸುಕು ಮಾಡುವುದನ್ನು ಮರೆತಿದ್ದೆ. ಅವನ ಒಂದೊಂದು ಕೂದಲೂ ಉಣ್ಣೆಯ ಮೇಲೆ ಮೂಡಿ, ಸ್ವೆಟರಿಗೇ ರೋಮ ಬಂದಿತ್ತು. ಮಸುಕು ಮಾಡಿದ ಮೇಲೆ ಬರೀ ನೆರಳು ಉಳೀತು.

ಆಮೇಲೆ ಕಿವಿ. ಗುಂಡನ ಒಂದು ಕಿವಿ ನೆಟ್ಟಗೆ, ಇನ್ನೊಂದು ಸದಾ ಜೋಲು. ನಮ್ಮ ಕಡೆಗಿದ್ದದ್ದು ಜೋಲು ಕಿವಿ. ಅದರ ತುದಿ ಕತ್ತಿನವರೆಗೆ ಬರುತ್ತೆ. ನನ್ನ ಸ್ವೆಟರು ಅದನ್ನು ನುಂಗಿಹಾಕಿ, ಅವನು ಕಿವಿ ಕೊಯ್ಸಿಕೊಂಡು ಬಂದವನ ಹಾಗೆ ಕಾಣುತ್ತಿದ್ದ. ಸ್ವೆಟರಿಗೆ ಮಾಸ್ಕ್ ಹಾಕಿದರೆ ಲೆಕ್ಕ ಸುಲಭ: ಕಪ್ಪು ಬಳಿದಲ್ಲಿ ಸ್ವೆಟರ್ ಮಾಯ, ಬಿಳಿ ಬಳಿದಲ್ಲಿ ಹಾಜರ್. ಕಿವಿಯ ಮೇಲೆ ಕಪ್ಪು ಬಳಿದೆ, ಕಿವಿ ವಾಪಸ್ ಬಂತು. ಕೆಳಗೆ ಉಣ್ಣೆಯ ಮೇಲೆ ಅದರದೇ ಒಂದು ಸಣ್ಣ ನೆರಳು ಹಾಕಿದ ಮೇಲೆ ಅದು ಜೋತು ಬಿದ್ದ ಹಾಗೆ ಕಂಡಿತು. ಅಲ್ಲೀವರೆಗೂ ಗಾಳಿಯಲ್ಲಿ ತೇಲುತ್ತಿತ್ತು.

ರಾತ್ರಿಯನ್ನೆಲ್ಲ ತಿಂದಿದ್ದು ರೋಮ. ಕತ್ತಿನ ಹತ್ತಿರ ಸ್ವೆಟರಿನ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು. ಅಂಚನ್ನು ಮಸುಕು ಮಾಡಿದೆ, ಮಂಜು ಮುಚ್ಚಿದ ಹಾಗಾಯಿತು. ಕೂದಲು ಬಿಡಿಸೋಣ ಅಂತ ಒಂದು ಪಿಕ್ಸೆಲಿನ ಬ್ರಷ್ ಹಿಡಿದು ಸುತ್ತಲೂ ಗೀಚಿದೆ, ನಮ್ಮ ನಾಡುನಾಯಿ ಪೊಮೆರೇನಿಯನ್ ಆಗಿಬಿಟ್ಟಿತು. ಎಲ್ಲ ಅಳಿಸಿ, ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ ಗುಂಡನ ಹತ್ತಿರ ಹೋಗಿ ಕೂತೆ. ಒಂದು ಟವೆಲ್ ತೆಗೆದು ಅವನ ಮೈಮೇಲೆ ಹೊದಿಸಿ ನೋಡಿದೆ.

ಆಗ ಹೊಳೀತು ನೋಡಿ. ನಾಯಿಯ ಕೂದಲು ತಲೆಯಿಂದ ಬಾಲದ ಕಡೆಗೆ ಮಲಗಿರುತ್ತೆ. ಹಾಗಾಗಿ ಕತ್ತಿನ ಅಂಚಿನಲ್ಲಿ ಕೂದಲಿನ ತುದಿ ಬಟ್ಟೆಯ ಮೇಲೆ ಬಂದು ಕೂರುತ್ತೆ. ಸೊಂಟದ ಅಂಚಿನಲ್ಲಿ ಉಲ್ಟಾ, ಕೂದಲು ಬಟ್ಟೆಯ ಅಡಿಯಿಂದ ಹೊರಗೆ ಬರುತ್ತೆ. ಅಲ್ಲಿ ಬಟ್ಟೆಯ ಅಂಚು ಸ್ಪಷ್ಟವಾಗೇ ಇರಬೇಕು, ಕೆಳಗೊಂದು ತೆಳು ನೆರಳು ಸಾಕು. ಮುಂಗಾಲಿನ ತೋಳಿನ ಅಂಚೂ ಹಾಗೇ. ನಾನು ಮೂರೂ ಕಡೆ ಸಮನಾಗಿ ರೋಮ ಗೀಚಿ ಎಲ್ಲ ಕೆಡಿಸಿದ್ದೆ. ಈ ಸಲ ಕತ್ತಿನಲ್ಲಿ ಮಾತ್ರ, ಅದೂ ಹಿಂದಕ್ಕೆ ವಾಲಿಸಿ, ಗಿಡ್ಡಗಿಡ್ಡ ಕೂದಲು. ಒಂದು ಉದ್ದ, ಎರಡು ಮೋಟು, ನಡುವೆ ಖಾಲಿ. ಸಾಲಾಗಿ ಬಿಡಿಸಿದರೆ ಬಾಚಣಿಗೆಯ ಹಲ್ಲಾಗುತ್ತೆ.

ಬೆಲ್ಟು ಕೊನೆಗೆ. ಕೆಂಪು ಬೆಲ್ಟು, ಅದಕ್ಕೊಂದು ಹಿತ್ತಾಳೆ ಗಂಟೆ. ಸ್ವೆಟರಿನ ಒಳಗೆ ಮುಚ್ಚಿಹೋಗಿದೆ ಅಂದುಬಿಡಬಹುದಿತ್ತು, ಆದರೆ ಆಗ ಅಲ್ಲೊಂದು ಉಬ್ಬು ಕಾಣಬೇಕು. ಅದು ಜಾಸ್ತಿ ಕಷ್ಟ. ಬೆಲ್ಟನ್ನು ಬೇರೆ ಪದರಕ್ಕೆ ಕತ್ತರಿಸಿ ಎಲ್ಲದರ ಮೇಲಿಟ್ಟೆ. ಕತ್ತರಿಸುವಾಗ ಅದರ ಅಂಚಿಗೆ ಗುಂಡನ ಕಂದು ಕೂದಲೂ ಅಂಟಿಕೊಂಡು ಬಂದಿತ್ತು. ಹಳದಿ ಉಣ್ಣೆಯ ಮೇಲೆ ಅದು ಕೊಳೆಯ ಗೆರೆ. ಅದನ್ನು ಕೆರೆದು ತೆಗೆದೆ. ಆಮೇಲೂ ಬೆಲ್ಟು ಬಿಗಿಯಾಗಿ ಕಾಣಲಿಲ್ಲ. ಉಣ್ಣೆ ಮೆತ್ತಗಿರುತ್ತೆ, ಬೆಲ್ಟು ಒತ್ತಿದಲ್ಲಿ ಎರಡು ಬದಿಯೂ ತುಸು ಉಬ್ಬಬೇಕು, ಅಲ್ವಾ? ಆ ಉಬ್ಬು ತಂದು, ಗಂಟೆಯ ಕೆಳಗೆ ಒಂದು ನೆರಳು ಇಟ್ಟಾಗ ಬೆಳಗಿನ ನಾಲ್ಕು ಗಂಟೆ. ಹಾಲಿನವನೂ ಬಂದಿರಲಿಲ್ಲ.

ಏಳಕ್ಕೆ ದೊಡ್ಡಮ್ಮನಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂತು. ಆಮೇಲೆ ಫೋನೇ ಬಂತು.

"ಕತ್ತು, ಕಿವಿ ಎಲ್ಲ ಚೆನ್ನಾಗಿ ಕೂತಿದೆ ಕಣೇ. ಆದರೆ ಇದು ನನ್ನ ಸ್ವೆಟರ್ ಅಲ್ಲ."

"ಅಯ್ಯೋ, ನಿಮ್ಮದೇ ದೊಡ್ಡಮ್ಮಾ!"

"ನಾನು ಎರಡು ಕಡೆ ಜಡೆಯನ್ನೂ ಬಲಕ್ಕೇ ತಿರುಗಿಸಿ ಹಾಕಿದ್ದು. ಇದು ಎಡಕ್ಕೆ ತಿರುಗಿದೆ."

ನಾನು ಸುಮ್ಮನಾದೆ. ಉಣ್ಣೆಯ ಸಾದಾ ಹೆಣಿಗೆಯನ್ನು ಕನ್ನಡಿಯಲ್ಲಿ ತಿರುಗಿಸಿದರೆ ಯಾರಿಗೂ ಗೊತ್ತಾಗಲ್ಲ, ಜಡೆ ಮಾತ್ರ ಬಾಯಿಬಿಡುತ್ತೆ.

"ಬಿಸಿನೀರಿಗೆ ಹಾಕಿದ್ಯಾ?"

"ಹ್ಞೂಂ."

"ಅಷ್ಟೇ ತಾನೇ. ಈ ಸಲ ಅಕ್ರಿಲಿಕ್ ದಾರದಲ್ಲಿ ಹಾಕ್ತೀನಿ, ಎದೆಯ ಅಳತೆ ತೆಗೆದು ಕಳಿಸು. ಹೋದ ಸಲ ಅಂದಾಜಿನ ಮೇಲೆ ಹಾಕಿದ್ದು."

ಟೇಪು ಹಿಡಿದು ಹೋದೆ. ಗುಂಡನಿಗೆ ಅದೊಂದು ಆಟ. ಎಳೆದಾಡಿ, ಕಡೆಗೆ ನಿಲ್ಲಿಸಿ, ಮುಂಗಾಲಿನ ಹಿಂದಿನಿಂದ ಸುತ್ತಿ ಓದಿದರೆ 26 ಇಂಚು. ಬರೆದು ಕಳಿಸಿದೆ. ದೊಡ್ಡಮ್ಮ ಹೆಬ್ಬೆರಳು ಎತ್ತಿದರು. ಟೇಪು ಸುತ್ತಿ ಡಬ್ಬಿಗೆ ಹಾಕುವಾಗ ನೋಡಿದೆ, ಅದು ನಾಲ್ಕರಿಂದ ಶುರುವಾಗುತ್ತಿತ್ತು. ಮೊದಲ ನಾಲ್ಕು ಇಂಚು ಸೋಫಾದ ಕೆಳಗೆ, ಹಲ್ಲಿನ ಗುರುತಿನ ಸಮೇತ ಬಿದ್ದಿತ್ತು.